ಪರ್ಸನಲ್ ಲೋನ್ ಮತ್ತು ಎಫ್‌ಒಐಆರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಬಳ ಒಂದೇ ಇದ್ದರೂ ಒಬ್ಬರಿಗೆ 8 ಲಕ್ಷ, ಪಕ್ಕದ ಟೇಬಲ್‌ನವರಿಗೆ 4 ಲಕ್ಷ ಮಂಜೂರಾಗುತ್ತದೆ. ಈ ವ್ಯತ್ಯಾಸ ಹೆಚ್ಚಾಗಿ ಬರುವುದು ಆದಾಯದಲ್ಲಿ ಕಂತುಗಳ ಪಾಲು ಎಷ್ಟು ಎಂಬ ಲೆಕ್ಕದಿಂದ. ಆ ಲೆಕ್ಕದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಲೆಕ್ಕಗಳಲ್ಲಿ ಹಿಡಿದಿರುವ ಬಡ್ಡಿದರ, ಮಿತಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬ್ಯಾಂಕಿನ ಅಂಕಿ ಹಾಕಿಕೊಂಡು ಲೆಕ್ಕ ಮಾಡಿ.

## ಶುರುವಿನ ಪ್ರಶ್ನೆಗಳು

ಬ್ಯಾಂಕಿನವರು "ನಿಮ್ಮ ಎಫ್‌ಒಐಆರ್ ಜಾಸ್ತಿ ಇದೆ" ಅಂದರು. ಹಾಗಂದರೆ ಏನು?

ತಿಂಗಳ ಆದಾಯದಲ್ಲಿ ಎಷ್ಟು ಭಾಗ ಸಾಲದ ಕಂತುಗಳಿಗೇ ಹೋಗುತ್ತದೆ ಎಂಬುದನ್ನು ಶೇಕಡಾವಾರು ಹೇಳುವ ಅಂಕಿ ಅದು. ಈಗ ಕಟ್ಟುತ್ತಿರುವ ಎಲ್ಲ ಕಂತುಗಳನ್ನು ಕೂಡಿಸಿ, ಅದಕ್ಕೆ ಹೊಸ ಸಾಲದ ಕಂತನ್ನೂ ಸೇರಿಸಿ, ಬಂದ ಮೊತ್ತವನ್ನು ತಿಂಗಳ ನಿವ್ವಳ ಆದಾಯದಿಂದ ಭಾಗಿಸಿ 100ರಿಂದ ಗುಣಿಸಬೇಕು. ಆದಾಯ 40,000, ಹಳೆಯ ಕಂತು 8,000, ಹೊಸ ಕಂತು 10,000 ಆದರೆ ಎಫ್‌ಒಐಆರ್ ಶೇ. 45.

ಬಹಳ ಜನ ಎಡವುವುದು ಹೊಸ ಕಂತಿನ ವಿಷಯದಲ್ಲಿ. "ನನ್ನದು ಬರೀ ಶೇ. 20 ಇದೆಯಲ್ಲ, ಯಾಕೆ ಆಗಲ್ಲ ಅಂತಾರೆ?" ಎಂದು ಕೇಳುವವರು ಸಾಮಾನ್ಯವಾಗಿ ಹಳೆಯ ಕಂತುಗಳನ್ನಷ್ಟೇ ಲೆಕ್ಕ ಹಾಕಿರುತ್ತಾರೆ. ಬ್ಯಾಂಕು ನೋಡುವುದು ಸಾಲ ಕೊಟ್ಟ ಮರುದಿನದ ನಿಮ್ಮ ಸ್ಥಿತಿಯನ್ನು.

ಎಷ್ಟು ಪರ್ಸೆಂಟ್ ಒಳಗಿರಬೇಕು? ಆರ್‌ಬಿಐ ನಿಯಮ ಏನಾದರೂ ಇದೆಯಾ?

ಸಂಬಳದ ಮೇಲೆ ಬ್ಯಾಂಕುಗಳು ಕೊಡುವ ಪರ್ಸನಲ್ ಲೋನ್‌ಗೆ ಇಷ್ಟೇ ಇರಬೇಕು ಎಂದು ಆರ್‌ಬಿಐ ಒಂದು ಅಂಕಿ ನಿಗದಿ ಮಾಡಿಲ್ಲ. ಪ್ರತಿ ಬ್ಯಾಂಕೂ ತನ್ನ ಆಡಳಿತ ಮಂಡಳಿ ಒಪ್ಪಿದ ಸಾಲನೀತಿಯಲ್ಲಿ ಮಿತಿ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಅದು ಶೇ. 40ರಿಂದ 60ರ ನಡುವೆ ಇರುತ್ತದೆ. ಸಂಬಳ ಹೆಚ್ಚಿದಂತೆ ಮಿತಿಯೂ ಸಡಿಲವಾಗುತ್ತದೆ. ಕಾರಣ ಸರಳ: 25,000 ಸಂಬಳದವರು ಅರ್ಧ ಕಂತಿಗೆ ಕೊಟ್ಟರೆ ಉಳಿದ 12,500ರಲ್ಲಿ ಬಾಡಿಗೆ, ರೇಷನ್, ಫೀಸು ಎಲ್ಲ ನಡೆಯಬೇಕು. ಒಂದೂವರೆ ಲಕ್ಷದವರು ಶೇ. 60 ಕೊಟ್ಟರೂ ಕೈಯಲ್ಲಿ 60,000 ಉಳಿಯುತ್ತದೆ. ಅದಕ್ಕೇ ಕೆಲವು ಬ್ಯಾಂಕುಗಳು ಶೇಕಡಾವಾರಿನ ಜೊತೆಗೆ, ಕಂತು ಕಳೆದ ಮೇಲೆ ಕೈಯಲ್ಲಿ ಕನಿಷ್ಠ ಇಷ್ಟು ರೂಪಾಯಿ ಉಳಿಯಲೇಬೇಕು ಎಂಬ ಷರತ್ತನ್ನೂ ಇಡುತ್ತವೆ.

ಆರ್‌ಬಿಐ ನೇರವಾಗಿ ಮಿತಿ ಹಾಕಿರುವುದು ಮೈಕ್ರೋಫೈನಾನ್ಸ್ ಸಾಲಕ್ಕೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಇಂಥ ಸಾಲ ಕೊಡುವಾಗ, ಇಡೀ ಕುಟುಂಬದ ಎಲ್ಲ ಸಾಲಗಳ ಮಾಸಿಕ ಮರುಪಾವತಿ ಮಾಸಿಕ ಆದಾಯದ ಶೇ. 50 ದಾಟಬಾರದು. ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಂಘದ ಸಾಲದ ಕಂತು ವಾರಕ್ಕೊಮ್ಮೆ ಇದ್ದರೂ ತಿಂಗಳಿಗೆ ಪರಿವರ್ತಿಸಿಯೇ ನೋಡಬೇಕು.

ನನ್ನ ಸಂಬಳ 60 ಸಾವಿರ. ಎಷ್ಟು ಲೋನ್ ಸಿಗಬಹುದು ಅಂತ ನಾನೇ ಲೆಕ್ಕ ಹಾಕೋದು ಹೇಗೆ?

ಪೀಣ್ಯದ ಕಾರ್ಖಾನೆಯೊಂದರ ಕಾಯಂ ನೌಕರರ ಸ್ಲಿಪ್ ಹೀಗಿದೆ ಅಂದುಕೊಳ್ಳಿ. ಒಟ್ಟು ಸಂಬಳ 60,000. ಕಡಿತಗಳು: ಪಿಎಫ್ 3,600, ವೃತ್ತಿ ತೆರಿಗೆ 200, ನೌಕರರ ಪತ್ತಿನ ಸಹಕಾರ ಸಂಘದ ಸಾಲದ ಕಂತು 3,000. ಖಾತೆಗೆ ಬೀಳುವುದು 53,200. ಇದಲ್ಲದೆ ಬೈಕ್ ಲೋನ್ ಕಂತು 4,200 ಇದೆ, ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ ಇದೆ.

ಮೊದಲು ಆದಾಯ. ಪಿಎಫ್ ಮತ್ತು ವೃತ್ತಿ ತೆರಿಗೆ ಮಾತ್ರ ಕಳೆದರೆ 56,200. ಮಿತಿ ಶೇ. 50 ಎಂದು ಹಿಡಿದರೆ ಎಲ್ಲ ಕಂತುಗಳಿಗೂ ಸೇರಿ ಇರುವ ಜಾಗ 28,100.

ಆಮೇಲೆ ಹೊರೆ. ಸೊಸೈಟಿ 3,000, ಬೈಕ್ 4,200, ಕಾರ್ಡ್ ಬಾಕಿಯ ಶೇ. 5ರಂತೆ 2,000. ಒಟ್ಟು 9,200. ಹೊಸ ಕಂತಿಗೆ ಉಳಿದದ್ದು 18,900.

ಕೊನೆಗೆ ಈ ಕಂತನ್ನು ಸಾಲವಾಗಿ ತಿರುಗಿಸಬೇಕು. ಶೇ. 12 ಬಡ್ಡಿ, 60 ತಿಂಗಳು ಎಂದರೆ ಪ್ರತಿ ಲಕ್ಷಕ್ಕೆ ಕಂತು ಸುಮಾರು 2,224. ಹಾಗಾಗಿ 18,900ಕ್ಕೆ ಸಿಗುವುದು ಸುಮಾರು 8.49 ಲಕ್ಷ. ಬಡ್ಡಿ ಶೇ. 14 ಆದರೆ ಲಕ್ಷಕ್ಕೆ ಕಂತು 2,327 ಆಗುತ್ತದೆ, ಸಾಲ 8.12 ಲಕ್ಷಕ್ಕೆ ಇಳಿಯುತ್ತದೆ. ಯಾವುದೇ ಇಎಂಐ ಕ್ಯಾಲ್ಕ್ಯುಲೇಟರ್‌ನಲ್ಲಿ 1 ಲಕ್ಷ ಎಂದು ಹಾಕಿದರೆ ನಿಮ್ಮ ಬಡ್ಡಿದರಕ್ಕೆ ಈ "ಲಕ್ಷದ ಕಂತು" ಸಿಗುತ್ತದೆ. ಅದೊಂದು ಗೊತ್ತಿದ್ದರೆ ಉಳಿದದ್ದು ಬರೀ ಭಾಗಾಕಾರ.

## ಲೆಕ್ಕದೊಳಗೆ ಏನು ಬರುತ್ತದೆ, ಏನು ಬರುವುದಿಲ್ಲ

ಸೊಸೈಟಿ ಸಾಲ ಸಂಬಳದಲ್ಲೇ ಕಟ್ ಆಗುತ್ತೆ. ಅದನ್ನು ಮತ್ತೆ ಸಾಲ ಅಂತ ಹಿಡೀತಾರಾ?

ಹಿಡಿಯಬಹುದು, ಆದರೆ ಒಂದೇ ಸಲ. ಇಲ್ಲೇ ತಪ್ಪು ನುಸುಳುವುದು. ಕೆಲವರು ಖಾತೆಗೆ ಬಿದ್ದ 53,200 ಅನ್ನೇ ಆದಾಯವೆಂದು ಬರೆದುಕೊಳ್ಳುತ್ತಾರೆ, ಅಂದರೆ ಸೊಸೈಟಿಯ 3,000 ಆಗಲೇ ಕಳೆದಿದೆ. ಆಮೇಲೆ ಸ್ಲಿಪ್ ನೋಡಿ ಅದೇ 3,000 ಅನ್ನು ಹೊರೆಯ ಪಟ್ಟಿಗೂ ಸೇರಿಸುತ್ತಾರೆ. ಆಗ 53,200ರ ಅರ್ಧ 26,600, ಅದರಲ್ಲಿ 9,200 ಕಳೆದರೆ ಉಳಿಯುವುದು 17,400. ಸರಿಯಾದ ಲೆಕ್ಕಕ್ಕಿಂತ 1,500 ಕಡಿಮೆ. ಸಾಲದ ಮೊತ್ತದಲ್ಲಿ ಅದು 67,000ಕ್ಕೂ ಹೆಚ್ಚು.

ಸರ್ಕಾರಿ ನೌಕರರ ವೇತನ ಚೀಟಿಯಲ್ಲಿ ಕೆಜಿಐಡಿ ಎಂಬ ಹೆಸರಿನಲ್ಲಿ ವಿಮಾ ಕಂತೂ ಇರುತ್ತದೆ, ಕೆಜಿಐಡಿ ಸಾಲದ ಮರುಪಾವತಿಯೂ ಇರುತ್ತದೆ. ಮೊದಲನೆಯದು ಉಳಿತಾಯ, ಎರಡನೆಯದು ಸಾಲ. ಯಾವ ಸಾಲಿನಲ್ಲಿ ಯಾವುದಿದೆ, ಸಾಲದ ಕಂತು ಇನ್ನೆಷ್ಟು ಉಳಿದಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡಿ. ಕೌಂಟರಿನಲ್ಲಿ ಕೂತವರಿಗೆ ಎಲ್ಲ ಇಲಾಖೆಯ ಸ್ಲಿಪ್ಪೂ ಬಾಯಿಪಾಠ ಇರುವುದಿಲ್ಲ. ಹಬ್ಬದ ಮುಂಗಡದಂಥ ಕೆಲವೇ ತಿಂಗಳಲ್ಲಿ ಮುಗಿಯುವ ಕಡಿತಗಳಿಗೂ ಇದೇ ಮಾತು.

ಕ್ರೆಡಿಟ್ ಕಾರ್ಡ್ ಬಿಲ್ ಪ್ರತಿ ತಿಂಗಳು ಪೂರ್ತಿ ಕಟ್ತೀನಿ. ಆದರೂ ಅದನ್ನು ಸಾಲ ಅಂತ ಯಾಕೆ ತೋರಿಸ್ತಾರೆ?

ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುವುದು ವರದಿಯಾದ ದಿನ ಇದ್ದ ಬಾಕಿ. ನೀವು ಗಡುವಿನೊಳಗೆ ಪೂರ್ತಿ ಕಟ್ಟಿದ್ದರೂ, ವರದಿ ಹೋದ ದಿನ 70,000 ಬಾಕಿ ಇದ್ದರೆ ಅಲ್ಲಿ 70,000 ಎಂದೇ ಇರುತ್ತದೆ. ಅದರ ಶೇ. 5, ಅಂದರೆ 3,500 ಅನ್ನು ಮಾಸಿಕ ಹೊರೆ ಎಂದು ಹಿಡಿಯುವುದು ಹಲವು ಬ್ಯಾಂಕುಗಳ ರೂಢಿ. ಪೂರ್ತಿ ಕಟ್ಟುವ ಅಭ್ಯಾಸ ಸ್ಟೇಟ್‌ಮೆಂಟಿನಲ್ಲಿ ಸ್ಪಷ್ಟವಾಗಿ ಕಂಡರೆ ಬಿಟ್ಟುಬಿಡುವ ಬ್ಯಾಂಕುಗಳೂ ಇವೆ.

ಅರ್ಜಿ ಹಾಕುವ ಮುಂಚಿನ ಒಂದೆರಡು ತಿಂಗಳು ಬಿಲ್ ತಯಾರಾಗುವ ದಿನಕ್ಕಿಂತ ಮೊದಲೇ ಹಣ ಕಟ್ಟಿಬಿಡಿ. ಗಡುವಿನ ದಿನಕ್ಕೆ ಕಾಯಬೇಡಿ. ಕಾರ್ಡಿನಲ್ಲಿ ತೆಗೆದುಕೊಂಡ ಮೊಬೈಲ್, ಫ್ರಿಜ್‌ನ ನೋ ಕಾಸ್ಟ್ ಇಎಂಐಗೆ ಈ ಉಪಾಯ ನಡೆಯುವುದಿಲ್ಲ. ಅದು ನಿಜವಾದ ಕಂತು, ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಚೀಟಿ, ಎಲ್‌ಐಸಿ, ಎಸ್‌ಐಪಿ, ಮನೆ ಬಾಡಿಗೆ ಇವೆಲ್ಲ ಕಂತು ಲೆಕ್ಕಕ್ಕೆ ಬರುತ್ತಾ?

ಎಲ್‌ಐಸಿ, ಎಸ್‌ಐಪಿ, ಆರ್‌ಡಿ ಸಾಮಾನ್ಯವಾಗಿ ಬರುವುದಿಲ್ಲ. ಕಷ್ಟ ಬಂದರೆ ಇವನ್ನು ನಿಲ್ಲಿಸಬಹುದು, ಸಾಲದ ಕಂತನ್ನು ನಿಲ್ಲಿಸಲಾಗದು. ಮನೆ ಬಾಡಿಗೆಯನ್ನು ಹೆಚ್ಚಿನವರು ಬಿಡುತ್ತಾರೆ, ಕೆಲವರು ಹಿಡಿಯುತ್ತಾರೆ. ಚೀಟಿ ಎತ್ತುವ ಮೊದಲು ಅದು ಉಳಿತಾಯ. ಎತ್ತಿದ ಮೇಲೆ ಕಟ್ಟುವುದು ಸಾಲವೇ ಆದರೂ ಕ್ರೆಡಿಟ್ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಪ್ರತಿ ತಿಂಗಳು ಒಂದೇ ತಾರೀಖು, ಒಂದೇ ಮೊತ್ತ, ಒಂದೇ ಹೆಸರಿಗೆ ಹೋಗುತ್ತಿದ್ದರೆ "ಇದೇನು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಣ್ಣನ ಹೋಮ್ ಲೋನ್‌ಗೆ ನಾನು ಕೋ-ಅಪ್ಲಿಕೆಂಟ್. ಕಂತು ಅವನೇ ಕಟ್ತಾನೆ. ನನ್ನ ಲೆಕ್ಕಕ್ಕೆ ಯಾಕೆ ಹಾಕಿದರು?

ಸಹ-ಸಾಲಗಾರ ಎಂದು ಸಹಿ ಮಾಡಿದವರ ಹೊಣೆ ಅರ್ಧಕ್ಕೆ ನಿಲ್ಲುವುದಿಲ್ಲ, ಪೂರ್ತಿ ಸಾಲಕ್ಕೂ ಇರುತ್ತದೆ. ಅಣ್ಣ ನಿಲ್ಲಿಸಿದರೆ ಬ್ಯಾಂಕು ನಿಮ್ಮ ಬಳಿಯೇ ಬರುತ್ತದೆ. ಹಾಗಾಗಿ 22,000 ಕಂತಿನ ಹೋಮ್ ಲೋನ್ ನಿಮ್ಮ ರಿಪೋರ್ಟಿನಲ್ಲೂ ಅಣ್ಣನ ರಿಪೋರ್ಟಿನಲ್ಲೂ ಪೂರ್ತಿ 22,000 ಕಂತಾಗಿಯೇ ಕೂರುತ್ತದೆ.

ಇದಕ್ಕೊಂದು ದಾರಿ ಇದೆ. ಕಂತು ಅಣ್ಣನ ಒಂಟಿ ಖಾತೆಯಿಂದಲೇ ಹೋಗುತ್ತಿದ್ದರೆ, ಆ ಖಾತೆಯ 12 ತಿಂಗಳ ಸ್ಟೇಟ್‌ಮೆಂಟ್ ಮತ್ತು ಸಾಲ ಕೊಟ್ಟವರ ಮರುಪಾವತಿ ವಿವರ ಕೊಟ್ಟು ಇದನ್ನು ಬಿಡಿ ಎಂದು ಲಿಖಿತವಾಗಿ ಕೇಳಿ. ಒಪ್ಪುವ ಬ್ಯಾಂಕುಗಳಿವೆ. ಜಂಟಿ ಖಾತೆಯಿಂದ ಹೋಗುತ್ತಿದ್ದರೆ ಮಾತ್ರ ಈ ವಾದ ನಿಲ್ಲುವುದು ಕಷ್ಟ. ಜಾಮೀನು ಹಾಕಿದ್ದರೂ ಅದು ನಿಮ್ಮ ರಿಪೋರ್ಟಿಗೆ ಬರಬಹುದು. ಕಂತು ಸರಿಯಾಗಿ ನಡೆಯುತ್ತಿರುವವರೆಗೆ ಹಲವರು ಅದನ್ನು ಹೊರೆಗೆ ಸೇರಿಸುವುದಿಲ್ಲ, ತಪ್ಪಿದ ಕೂಡಲೇ ಸೇರಿಸುತ್ತಾರೆ.

ಚಿನ್ನದ ಸಾಲಕ್ಕೆ ತಿಂಗಳ ಕಂತೇ ಇಲ್ಲ, ಎಜುಕೇಶನ್ ಲೋನ್ ಇನ್ನೂ ಶುರುವಾಗಿಲ್ಲ. ಇವು ಲೆಕ್ಕವಾ?

ಕಂತಿಲ್ಲ ಎಂದು ಸೊನ್ನೆ ಹಾಕುವುದಿಲ್ಲ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ತಿಂಗಳ ಬಡ್ಡಿಯನ್ನು ಹೊರೆ ಎಂದು ಹಿಡಿಯುತ್ತಾರೆ. 2 ಲಕ್ಷಕ್ಕೆ ಶೇ. 9 ಎಂದರೆ ತಿಂಗಳಿಗೆ 1,500. ಎಜುಕೇಶನ್ ಲೋನ್‌ನ ವಿರಾಮದ ಅವಧಿ ಮುಗಿದ ಮೇಲೆ ಬರಬೇಕಾದ ಕಂತನ್ನು ಈಗಲೇ ಅಂದಾಜು ಮಾಡಿ ಹಾಕುವವರು ಹೆಚ್ಚು. ಕಟ್ಟಡ ಮುಗಿಯದ ಫ್ಲಾಟಿನ ಸಾಲಕ್ಕೆ ನೀವು ಈಗ ಬರೀ ಬಡ್ಡಿ ಕಟ್ಟುತ್ತಿದ್ದರೂ ಪೂರ್ತಿ ಕಂತನ್ನೇ ಹಿಡಿಯುವ ಸಾಧ್ಯತೆ ಇದೆ.

ಓವರ್‌ಟೈಮ್, ಇನ್ಸೆಂಟಿವ್ ಸೇರಿದರೆ ನನ್ನ ಸಂಬಳ 15 ಸಾವಿರ ಜಾಸ್ತಿ. ಅದನ್ನು ಸೇರಿಸ್ತಾರಾ?

ಪೂರ್ತಿ ಸೇರಿಸುವುದು ಅಪರೂಪ. 3ರಿಂದ 6 ತಿಂಗಳ ಸರಾಸರಿ ತೆಗೆದು ಅದರ ಅರ್ಧವನ್ನು ಹಿಡಿಯುವುದು ಸಾಮಾನ್ಯ. ವರ್ಷಕ್ಕೊಮ್ಮೆ ಬರುವ ಬೋನಸ್ಸನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಹಾಗಾಗಿ ಒಂದು ತಿಂಗಳು 30,000 ಬಂದು ಮುಂದಿನ ತಿಂಗಳು ಏನೂ ಇಲ್ಲದವರಿಗಿಂತ, ಪ್ರತಿ ತಿಂಗಳು 8,000 ತಪ್ಪದೆ ಬರುವವರ ಮಾತು ಗಟ್ಟಿ. ಕೈಯಲ್ಲಿ ನಗದಾಗಿ ಬಂದದ್ದು ಲೆಕ್ಕಕ್ಕಿಲ್ಲ. ಸ್ಲಿಪ್ಪಿನಲ್ಲೂ ಇರಬೇಕು, ಖಾತೆಯಲ್ಲೂ ಕಾಣಬೇಕು. ಸ್ವಂತ ವ್ಯಾಪಾರದವರಿಗೆ ಸಾಮಾನ್ಯವಾಗಿ ಎರಡು ವರ್ಷದ ಐಟಿಆರ್ ನೋಡುತ್ತಾರೆ. ಅಲ್ಲಿ ಮುಖ್ಯವಾಗುವುದು ವಹಿವಾಟಿನ ಮೊತ್ತವಲ್ಲ, ತೋರಿಸಿದ ಲಾಭ. ತೆರಿಗೆ ಉಳಿಸಲು ಲಾಭ ಇಳಿಸಿ ತೋರಿಸಿದವರಿಗೆ ಸಾಲದ ಅರ್ಹತೆಯೂ ಅಷ್ಟೇ ಇಳಿಯುತ್ತದೆ.

## ಜಾಗ ಮಾಡಿಕೊಳ್ಳುವುದು

ಕೈಯಲ್ಲಿ 40 ಸಾವಿರ ಇದೆ. ಬೈಕ್ ಲೋನ್ ತೀರಿಸಲೋ, ಕಾರ್ಡ್ ಬಾಕಿ ತೀರಿಸಲೋ?

ಅರ್ಹತೆ ಹೆಚ್ಚಿಸುವುದೊಂದೇ ಗುರಿಯಾದರೆ ಒಂದು ರೂಪಾಯಿ ಕೊಟ್ಟರೆ ಎಷ್ಟು ಕಂತು ಬಿಡುಗಡೆ ಆಗುತ್ತದೆ ಎಂದು ನೋಡಬೇಕು. ಬೈಕ್ ಲೋನ್‌ನಲ್ಲಿ 38,000 ಉಳಿದಿದ್ದು ಕಂತು 4,200 ಇದ್ದರೆ, ಅದನ್ನು ಮುಗಿಸಿದಾಗ 4,200 ಪೂರ್ತಿ ಖಾಲಿಯಾಗುತ್ತದೆ. ಶೇ. 12, ಐದು ವರ್ಷದ ಲೆಕ್ಕದಲ್ಲಿ ಅದು 1.88 ಲಕ್ಷ ಹೆಚ್ಚುವರಿ ಸಾಲ. ಕಾರ್ಡಿನ 40,000 ತೀರಿಸಿದರೆ ಬಿಡುಗಡೆ ಆಗುವುದು 2,000, ಅಂದರೆ ಸುಮಾರು 90,000 ಹೆಚ್ಚುವರಿ ಸಾಲ. ಈ ದೃಷ್ಟಿಯಿಂದ ಬೈಕೇ ಮೇಲು.

ಆದರೆ ಕಾರ್ಡಿನ ಬಾಕಿಯನ್ನು ಮಿನಿಮಮ್ ಕಟ್ಟಿಕೊಂಡು ತಿಂಗಳಿಂದ ತಿಂಗಳಿಗೆ ಎಳೆಯುತ್ತಿದ್ದರೆ ಲೆಕ್ಕವೇ ಬೇರೆ. ಅದರ ಬಡ್ಡಿ ವರ್ಷಕ್ಕೆ ಶೇ. 36 ದಾಟುವುದು ಸಾಮಾನ್ಯ. ಅಂಥವರು ಅರ್ಹತೆಯ ಮಾತು ಪಕ್ಕಕ್ಕಿಟ್ಟು ಮೊದಲು ಕಾರ್ಡನ್ನೇ ತೀರಿಸುವುದು ಒಳ್ಳೆಯದು.

ಇನ್ನೊಂದು ಸಂಗತಿ: ಮುಗಿಯಲು 3 ಕಂತು, ಕೆಲವು ಕಡೆ 6 ಕಂತು ಮಾತ್ರ ಉಳಿದಿರುವ ಸಾಲವನ್ನು ಲೆಕ್ಕದಿಂದ ಬಿಡುವ ಬ್ಯಾಂಕುಗಳಿವೆ. ಅಂಥದ್ದನ್ನು ದುಡ್ಡು ಕೊಟ್ಟು ಮುಗಿಸುವ ಮೊದಲು ಒಂದು ಮಾತು ಕೇಳಿ. ದೊಡ್ಡ ಸಾಲಕ್ಕೆ ಒಂದಿಷ್ಟು ಹಣ ಕಟ್ಟಿದರೂ ಕಂತು ಇಳಿಯದೆ ಅವಧಿ ಮಾತ್ರ ಇಳಿಯುವುದುಂಟು. ಆಗ ಎಫ್‌ಒಐಆರ್‌ಗೆ ಏನೂ ಲಾಭವಿಲ್ಲ. ಭಾಗಶಃ ಕಟ್ಟುವುದಾದರೆ "ಕಂತು ಇಳಿಸಿ" ಎಂದು ಬರೆದುಕೊಡಬೇಕು.

ಸಾಲ ತೀರಿಸಿ ತಿಂಗಳಾಯಿತು. ರಿಪೋರ್ಟಿನಲ್ಲಿ ಇನ್ನೂ ಚಾಲ್ತಿ ಅಂತ ಇದೆ. ಏನು ಮಾಡಲಿ?

2025ರ ಜನವರಿ 1ರಿಂದ ಸಾಲ ಕೊಟ್ಟವರು ತಿಂಗಳಿಗೆ ಕನಿಷ್ಠ ಎರಡು ಸಲ ಸಾಲದ ಸ್ಥಿತಿಯನ್ನು ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಬೇಕು. ಹಾಗಾಗಿ ತೀರಿಸಿದ ಮೇಲೆ ಮೂರ್ನಾಲ್ಕು ವಾರ ಕಾದು ರಿಪೋರ್ಟ್ ತೆಗೆಯಿರಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು.

ಆಗಲೂ ಸರಿಯಾಗದಿದ್ದರೆ ಆ ಕಂಪನಿಯ ಜಾಲತಾಣದಲ್ಲಿ ತಕರಾರು ದಾಖಲಿಸಿ. 30 ದಿನದೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮವಿದೆ. ಅಷ್ಟು ದಿನ ಕಾಯಲಾಗದಿದ್ದರೆ ನೋ ಡ್ಯೂ ಪತ್ರ ಮತ್ತು ಕೊನೆಯ ಪಾವತಿ ಕಾಣುವ ಸ್ಟೇಟ್‌ಮೆಂಟ್ ಎರಡನ್ನೂ ಅರ್ಜಿಯ ಜೊತೆ ಕೊಡಿ. ಪಾವತಿಯ ರಸೀದಿಯೊಂದೇ ಸಾಲದು, ಸಾಲ ಮುಕ್ತಾಯವಾಗಿದೆ ಎಂದು ಪತ್ರದಲ್ಲಿ ಬರೆದಿರಬೇಕು.

ಅವಧಿ ಜಾಸ್ತಿ ಮಾಡಿದರೆ ಸಾಲ ಜಾಸ್ತಿ ಸಿಗುತ್ತೆ ಅಂದರು. ಮಾಡಬಹುದಾ?

ಸಿಗುತ್ತದೆ. ಕಂತಿಗೆ 18,900 ಜಾಗವಿದ್ದರೆ ಶೇ. 12ರಂತೆ ಮೂರು ವರ್ಷಕ್ಕೆ 5.69 ಲಕ್ಷ, ಐದು ವರ್ಷಕ್ಕೆ 8.49 ಲಕ್ಷ. ಆದರೆ ಅದಕ್ಕೆ ಬೆಲೆ ಇದೆ. 5 ಲಕ್ಷವನ್ನು ಮೂರು ವರ್ಷದಲ್ಲಿ ತೀರಿಸಿದರೆ ಒಟ್ಟು ಬಡ್ಡಿ ಸುಮಾರು 98,000, ಐದು ವರ್ಷ ಎಳೆದರೆ ಸುಮಾರು 1,67,000.

ನಿವೃತ್ತಿ ಹತ್ತಿರ ಇರುವವರಿಗೆ ಈ ದಾರಿ ಮುಚ್ಚಿರುತ್ತದೆ. ಸಂಬಳದ ಮೇಲಿನ ಸಾಲ ಸಾಮಾನ್ಯವಾಗಿ ನಿವೃತ್ತಿಯೊಳಗೆ ಮುಗಿಯಬೇಕು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ, ಹಾಗಾಗಿ 57ರಲ್ಲಿ ಅರ್ಜಿ ಹಾಕಿದವರಿಗೆ ಸಂಬಳ ಎಷ್ಟೇ ಇದ್ದರೂ ಮೂರು ವರ್ಷದ ಲೆಕ್ಕವೇ.

## ಅರ್ಜಿ ಹಾಕಿದ ಮೇಲಿನ ಗೊಂದಲಗಳು

ಸಿಬಿಲ್ ಸ್ಕೋರ್ 790 ಇದೆ. ಆದರೂ ಕೇಳಿದ್ದರಲ್ಲಿ ಅರ್ಧ ಕೊಟ್ಟರು. ಯಾಕೆ?

ಸ್ಕೋರ್ ಹೇಳುವುದು ಇಲ್ಲಿಯವರೆಗೆ ಸಾಲವನ್ನು ಹೇಗೆ ನಡೆಸಿದ್ದೀರಿ ಎಂಬುದನ್ನು. ನಿಮ್ಮ ಸಂಬಳ ಎಷ್ಟು ಎಂಬುದು ಆ ಲೆಕ್ಕದಲ್ಲಿ ಸೇರುವುದಿಲ್ಲ. ಐದು ಸಾಲಗಳನ್ನು ಒಂದು ದಿನವೂ ತಪ್ಪದೆ ಕಟ್ಟುವವರ ಸ್ಕೋರ್ ಚೆನ್ನಾಗಿಯೇ ಇರುತ್ತದೆ, ಎಫ್‌ಒಐಆರ್ ಮಾತ್ರ ಶೇ. 55 ಇರಬಹುದು. ಒಳ್ಳೆಯ ಸ್ಕೋರಿನಿಂದ ಬಡ್ಡಿ ಕಡಿಮೆ ಮಾಡಿಸಿಕೊಳ್ಳಬಹುದು. ಕಂತಿಗೆ ಇಲ್ಲದ ಜಾಗವನ್ನು ಅದು ಹುಟ್ಟಿಸಲಾರದು.

ನನ್ನ ಲೆಕ್ಕದಲ್ಲಿ 8.49 ಲಕ್ಷ ಬರುತ್ತೆ. ಬ್ಯಾಂಕು 6.74 ಲಕ್ಷ ಅಂದಿದೆ. ತಪ್ಪು ಎಲ್ಲಿದೆ?

ತಪ್ಪು ಇಲ್ಲದೆಯೂ ಇರಬಹುದು. ಎಫ್‌ಒಐಆರ್ ಜೊತೆಗೆ ಸಂಬಳದ ಇಷ್ಟು ಪಟ್ಟು ಮೀರಿ ಕೊಡುವುದಿಲ್ಲ ಎಂಬ ಇನ್ನೊಂದು ಮಿತಿ ಇರುತ್ತದೆ, ಅದನ್ನು ಮಲ್ಟಿಪ್ಲೈಯರ್ ಎನ್ನುತ್ತಾರೆ. ಆದಾಯ 56,200 ಇದ್ದು ಆ ಬ್ಯಾಂಕಿನ ಮಿತಿ 12 ಪಟ್ಟು ಇದ್ದರೆ 6,74,400. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಂಜೂರಾಗುತ್ತದೆ. ಈ ಪಟ್ಟು ಬ್ಯಾಂಕಿಗೂ ಕಂಪನಿಗೂ ತಕ್ಕಂತೆ ಬದಲಾಗುತ್ತದೆ. ಸರ್ಕಾರಿ ನೌಕರರಿಗೆ, ದೊಡ್ಡ ಕಂಪನಿಯವರಿಗೆ ಹೆಚ್ಚು, ಹೆಸರು ಕೇಳಿರದ ಕಂಪನಿಯವರಿಗೆ ಕಡಿಮೆ. ಅಡಮಾನವಿಲ್ಲದ ಬೇರೆ ಸಾಲಗಳ ಬಾಕಿಯನ್ನು ಇದರಲ್ಲಿ ಕಳೆಯುವವರೂ ಇದ್ದಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಾಕೆ ಕಡಿಮೆ?" ಎಂದಲ್ಲ. "ಎಫ್‌ಒಐಆರ್‌ನಿಂದ ಕಟ್ ಆಯಿತೋ, ಮಲ್ಟಿಪ್ಲೈಯರ್‌ನಿಂದಲೋ?" ಎಂದು ಕೇಳಿ. ಮಲ್ಟಿಪ್ಲೈಯರ್‌ನಿಂದ ಎಂದು ಹೇಳಿದರೆ ಬೈಕ್ ಲೋನ್ ತೀರಿಸಿ ಬಂದರೂ ಮೊತ್ತ ಹೆಚ್ಚುವುದು ಕಷ್ಟ. ಸಾಲದ ಜೊತೆ ವಿಮೆ ಸೇರಿಸಿದ್ದಾರೆಯೇ ಎಂದೂ ನೋಡಿ. ಪ್ರೀಮಿಯಮ್ಮನ್ನು ಸಾಲಕ್ಕೇ ಸೇರಿಸಿದ್ದರೆ ಅದೂ ಇದೇ ಜಾಗದಲ್ಲಿ ಪಾಲು ತಿನ್ನುತ್ತದೆ.

ಮೊಬೈಲ್ ಆಪ್‌ನಲ್ಲಿ ತೆಗೆದ ಸಣ್ಣ ಸಾಲಗಳನ್ನು ಹೇಳದೇ ಇದ್ದರೆ?

ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚು. ಆರ್‌ಬಿಐ ನಿಯಂತ್ರಣದಲ್ಲಿರುವ ಸಂಸ್ಥೆ ಆ ಸಾಲ ಕೊಟ್ಟಿದ್ದರೆ ಅದು 3,000 ರೂಪಾಯಿಯದ್ದಾದರೂ ರಿಪೋರ್ಟಿನಲ್ಲಿ ಪ್ರತ್ಯೇಕ ಸಾಲವಾಗಿಯೇ ಬರುತ್ತದೆ. ರಿಪೋರ್ಟಿಗೆ ಇನ್ನೂ ಬಾರದಿದ್ದರೂ ನ್ಯಾಚ್ ಆದೇಶದ ಮೇಲೆ ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗಿರುವುದು ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಮುಚ್ಚಿಟ್ಟದ್ದು ಗೊತ್ತಾದರೆ ಎಫ್‌ಒಐಆರ್ ಮಿತಿಯೊಳಗೇ ಇದ್ದರೂ ಅರ್ಜಿ ತಿರಸ್ಕಾರವಾಗಬಹುದು, ಏಕೆಂದರೆ ಅರ್ಜಿಯಲ್ಲಿ ಎಲ್ಲ ಸಾಲ ಹೇಳಿದ್ದೇನೆಂದು ಸಹಿ ಮಾಡಿರುತ್ತೀರಿ. ಹೇಳಿದರೆ ಹೆಚ್ಚೆಂದರೆ ಮೊತ್ತ ಕಡಿಮೆಯಾದೀತು.

ಆಗಲೇ ಶೇ. 55 ಕಂತಿಗೆ ಹೋಗುತ್ತಿದೆ. ಎಲ್ಲ ಸೇರಿಸಿ ಒಂದೇ ಸಾಲ ಮಾಡಿಕೊಳ್ಳಲು ಬ್ಯಾಂಕ್ ಒಪ್ಪುತ್ತಾ?

ಒಪ್ಪುವ ದಾರಿ ಇದೆ. ಮಾಮೂಲಿ ಪರ್ಸನಲ್ ಲೋನ್ ಕೇಳಿದರೆ ಹಳೆಯ ಕಂತುಗಳ ಮೇಲೆ ಹೊಸದೂ ಸೇರಿ ಮಿತಿ ಮೀರುತ್ತದೆ. ಸಾಲ ವರ್ಗಾವಣೆ ಎಂದು ಕೇಳಿದರೆ ಮುಚ್ಚಲಿರುವ ಸಾಲಗಳ ಕಂತನ್ನು ಲೆಕ್ಕದಿಂದ ತೆಗೆಯುತ್ತಾರೆ.

ಆದಾಯ 45,000, ಮೂರು ಸಾಲಗಳ ಕಂತು ಸೇರಿ 24,750, ಬಾಕಿ ಒಟ್ಟು 4,20,000 ಇದೆ ಅಂದುಕೊಳ್ಳಿ. ಶೇ. 14ಕ್ಕೆ ಐದು ವರ್ಷದ ಒಂದೇ ಸಾಲವಾದರೆ ಕಂತು ಸುಮಾರು 9,773. ಎಫ್‌ಒಐಆರ್ ಶೇ. 55ರಿಂದ ಶೇ. 22ರ ಹತ್ತಿರಕ್ಕೆ ಇಳಿಯುತ್ತದೆ. ಬೇಕಾಗುವುದು ಮೂರೂ ಸಾಲಗಳ ಫೋರ್‌ಕ್ಲೋಷರ್ ಪತ್ರ. ಅದರಲ್ಲಿ ಇಂಥ ತಾರೀಖಿನವರೆಗೆ ಇಷ್ಟು ಕಟ್ಟಬೇಕು ಎಂದಿರುತ್ತದೆ. ಆ ತಾರೀಖು ದಾಟಿದರೆ ಬಡ್ಡಿ ಬದಲಾಗಿ ಹಳೆಯ ಸಾಲದಲ್ಲಿ ನೂರಿನ್ನೂರು ರೂಪಾಯಿ ಉಳಿದು ಸಾಲ ಮುಚ್ಚದೇ ಇರುತ್ತದೆ. ಹಣವನ್ನು ಸಾಮಾನ್ಯವಾಗಿ ನಿಮ್ಮ ಕೈಗೆ ಕೊಡದೆ ಹಳೆಯ ಸಾಲದ ಖಾತೆಗಳಿಗೇ ಕಳಿಸುತ್ತಾರೆ. ಮುಂಚಿತವಾಗಿ ಮುಚ್ಚುವ ಶುಲ್ಕವನ್ನೂ ಬಾಕಿಗೆ ಸೇರಿಸಿಯೇ ಮೊತ್ತ ಕೇಳಿ.

ಮುಚ್ಚಿದ ಮೇಲೆ ಹಳೆಯ ಮೂರು ನ್ಯಾಚ್ ಆದೇಶಗಳನ್ನು ರದ್ದು ಮಾಡಿಸಿ. ಹಾಗೇ ಬಿಟ್ಟರೆ ಮುಂದಿನ 5ನೇ ತಾರೀಖು ಹಳೆಯ ಕಂತೂ ಕಟ್ ಆಗಿ, ಹೊಸ ಸಾಲದ ಮೊದಲ ಕಂತಿಗೆ ಖಾತೆಯಲ್ಲಿ ಹಣ ಸಾಲದೆ ಬೌನ್ಸ್ ಆಗುವ ಸಂಭವವಿದೆ.